ಎರೆ ಮಣ್ಣಿನ ಹೊಲದ ದಾರಿ: ಪ್ರಬಂಧದ ಜೊತೆಗಿನ ಪತ್ರ

ಮಾನ್ವಿ, ರಾಯಚೂರು ಜಿಲ್ಲೆ
12 ಆಗಸ್ಟ್ 2024

ಇವರಿಗೆ,
ಸಂಪಾದಕರು,
ಕನ್ನಡ ತಾಂತ್ರಿಕ ತ್ರೈಮಾಸಿಕ,
ಬೆಂಗಳೂರು

ವಿಷಯ: "ಸುಣ್ಣ ಮತ್ತು ಹಾರುಬೂದಿ ಬೆರೆಸಿದ ಎರೆ ಮಣ್ಣು: ಲ್ಯಾಬಿನಲ್ಲಿ ಬಂದ ಬಲ ದಾರಿಯಲ್ಲಿ ಯಾಕೆ ಬರುವುದಿಲ್ಲ?" ಎಂಬ ಪ್ರಬಂಧದ ಸಲ್ಲಿಕೆ

ಮಾನ್ಯ ಸಂಪಾದಕರೇ, ನಮಸ್ಕಾರ.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಹದಿನಾಲ್ಕು ವರ್ಷಗಳಿಂದ ಸಿವಿಲ್ ವಿಭಾಗದ ಉಪನ್ಯಾಸಕಿ. ಇದು ನನ್ನ ಮೊದಲ ಸಂಶೋಧನಾ ಪ್ರಬಂಧ. ಪತ್ರದ ಕ್ರಮದಲ್ಲಿ ಏನಾದರೂ ತಪ್ಪಿದ್ದರೆ ತಿಳಿಸಿ, ತಿದ್ದಿ ಮತ್ತೆ ಕಳಿಸುತ್ತೇನೆ.

ಎರೆ ಮಣ್ಣಿಗೆ ಸುಣ್ಣ ಹಾಕಿದರೆ ಗಟ್ಟಿಯಾಗುತ್ತದೆ ಅನ್ನುವುದು ಹೊಸ ವಿಷಯವಲ್ಲ. ಅದನ್ನು ತೋರಿಸಲು ನಾನು ಪ್ರಬಂಧ ಬರೆದಿಲ್ಲ. ದಾರಿಯ ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂದು ಹೇಳುವ ಅಳತೆ ಸಿಬಿಆರ್. ಲ್ಯಾಬಿನಲ್ಲಿ 21 ಬಂದ ಸಿಬಿಆರ್ ದಾರಿಯ ಮೇಲೆ 7ಕ್ಕೆ ಇಳಿಯಿತು. ಅದು ಎಲ್ಲಿ ಕಳೆದುಹೋಯಿತು ಎಂದು ಹುಡುಕಿದ್ದೇ ಈ ಪ್ರಬಂಧ. ನಮಗೆ ಸಿಕ್ಕ ಉತ್ತರ: ಹೆಂಟೆಯಲ್ಲಿ.

ಲ್ಯಾಬಿನಲ್ಲಿ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಆಮೇಲೆ ಸುಣ್ಣ ಬೆರೆಸುತ್ತೇವೆ. ಹೊಲದ ದಾರಿಯಲ್ಲಿ ಟ್ರ್ಯಾಕ್ಟರಿನ ರೋಟವೇಟರ್ ಓಡಿಸಿದರೆ ಮುಷ್ಟಿಗಾತ್ರದ ಹೆಂಟೆಗಳು ಹಾಗೇ ಉಳಿಯುತ್ತವೆ. ಸುಣ್ಣ ಅವುಗಳ ಮೈಗೆ ಹತ್ತುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಮಳೆ ಬಂದಾಗ ಆ ಹೊಟ್ಟೆಯೇ ಉಬ್ಬುತ್ತದೆ. ಒಂದು ಸಲ ರೋಟವೇಟರ್ ಓಡಿಸಿದ ಮೇಲೆ ಜರಡಿ ಹಿಡಿದು ನೋಡಿದೆವು. 4.75 ಮಿಲಿಮೀಟರ್ ಜರಡಿಯಿಂದ ಇಳಿದದ್ದು ಶೇಕಡ 38 ಮಾತ್ರ.

ಇನ್ನೊಂದು ತುಣುಕಿನಲ್ಲಿ ಸುಣ್ಣ ಬೆರೆಸಿ, ನೀರು ಚಿಮುಕಿಸಿ, ಎರಡು ದಿನ ಸುಮ್ನೆ ಬಿಟ್ಟೆವು. ಸುಣ್ಣದ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಗುಂಪುಗೂಡಿಸಿ ಅದರ ಜಿಗುಟನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಮೂರನೇ ದಿನ ಅದೇ ಹೆಂಟೆಗಳು ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿದ್ದವು. ಆಮೇಲೆ ಹಾರುಬೂದಿ ಸುರಿದು ಎರಡನೇ ಸಲ ರೋಟವೇಟರ್ ಓಡಿಸಿ, ರೋಲರ್ ಹೊಡೆದೆವು. ಈ ಸಲ ಜರಡಿಯಿಂದ ಇಳಿದದ್ದು ಶೇಕಡ 71, ಸಿಬಿಆರ್ 14. ಮಣ್ಣು, ಸುಣ್ಣ, ಬೂದಿ ಯಾವುದರ ಪ್ರಮಾಣವೂ ಬದಲಾಗಿರಲಿಲ್ಲ. ಬದಲಾದದ್ದು ಎರಡು ದಿನದ ಬಿಡುವು ಮತ್ತು ಇನ್ನೊಂದು ಸಲದ ಡೀಸೆಲ್ ಖರ್ಚು.

ಕೆಲಸದ ಗಾತ್ರ ದೊಡ್ಡದೇನಲ್ಲ. ಏಪ್ರಿಲ್ 2022ರಲ್ಲಿ 120 ಮೀಟರ್ ದಾರಿಯನ್ನು 40 ಮೀಟರಿನ ಮೂರು ತುಣುಕು ಮಾಡಿದೆವು. ಒಂದಕ್ಕೆ ಬರೀ ಗರಸು, ಉಳಿದೆರಡಕ್ಕೆ ಮೇಲೆ ಹೇಳಿದ ಎರಡು ವಿಧಾನ. ಅಗಲ 3 ಮೀಟರ್, ದಪ್ಪ 20 ಸೆಂಟಿಮೀಟರ್. ಸುಣ್ಣ ಶೇಕಡ 4, ಹಾರುಬೂದಿ ಶೇಕಡ 12. ಎರಡೂ ತುಣುಕಿಗೆ ಸೇರಿ ಸುಮಾರು 2.8 ಟನ್ ಸುಣ್ಣ, 8.4 ಟನ್ ಬೂದಿ ಬೇಕಾಯಿತು. ಬೂದಿ ಶಕ್ತಿನಗರದ ವಿದ್ಯುತ್ ಸ್ಥಾವರದ್ದು. ಅದರಲ್ಲಿ ಸುಣ್ಣದ ಅಂಶ ಕಡಿಮೆ, ಒಂದೇ ಹಾಕಿದರೆ ಗಟ್ಟಿಯಾಗುವುದಿಲ್ಲ. ಸುಣ್ಣದ ಪ್ರಮಾಣವನ್ನು 1966ರಲ್ಲಿ ಈಡ್ಸ್ ಮತ್ತು ಗ್ರಿಮ್ ಹೇಳಿದ ಪಿಎಚ್ ವಿಧಾನದಿಂದ, ಅಂದರೆ ಪಿಎಚ್ 12.4 ಮುಟ್ಟುವವರೆಗೆ ನೋಡಿ, ನಿರ್ಧರಿಸಿದೆವು. ಲ್ಯಾಬ್ ಪರೀಕ್ಷೆಗಳೆಲ್ಲ ಐಎಸ್ 2720ರ ಪ್ರಕಾರ. ದಾರಿಯ ಮೇಲೆ ಡೈನಮಿಕ್ ಕೋನ್ ಪೆನೆಟ್ರೋಮೀಟರ್ ಬಳಸಿ, ಅದರಿಂದ ಸಿಬಿಆರ್ ಲೆಕ್ಕ ಹಾಕಿದ್ದೇವೆ. ನೇರ ಸಿಬಿಆರ್ ಅಲ್ಲ. ಪರಿಶೀಲಕರು ಇದನ್ನು ಖಂಡಿತ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಕೊರತೆಗಳು ಇನ್ನೂ ಇವೆ. ಒಂದೇ ಮಣ್ಣು, ಒಂದೇ ದಾರಿ, ಎರಡೇ ಮಳೆಗಾಲ. ನಮ್ಮ ಮಣ್ಣಿನಲ್ಲಿ ಸಲ್ಫೇಟ್ ತೀರಾ ಕಡಿಮೆ ಇತ್ತು. ಜಿಪ್ಸಂ ಇರುವ ಎರೆ ಮಣ್ಣಿಗೆ ಸುಣ್ಣ ಹಾಕಿದರೆ ಎಟ್ರಿಂಗೈಟ್ ಎಂಬ ಉಬ್ಬುವ ಹರಳು ಬೆಳೆದು ದಾರಿ ಮೇಲೇಳಬಹುದು. ಆದ್ದರಿಂದ ಈ ಅಂಕಿಗಳನ್ನು ಎತ್ತಿಕೊಂಡು ಎಲ್ಲೆಂದರಲ್ಲಿ ಬಳಸಬೇಡಿ ಎಂದು ಪ್ರಬಂಧದಲ್ಲೂ ಬರೆದಿದ್ದೇವೆ. ಮೂರನೇ ತುಣುಕಿನ ಕೊನೆಯ 6 ಮೀಟರಿನಲ್ಲಿ ಪಕ್ಕದ ಭತ್ತದ ಗದ್ದೆಯ ನೀರು ನಿಂತು ಗಾಲಿಯ ಗುಂಡಿ ಬಿದ್ದಿದೆ. ಅದರ ಅಳತೆಗಳನ್ನು ಬಿಡಬಹುದಿತ್ತು, ಆಗ ಸಿಬಿಆರ್ ಸರಾಸರಿ 14ರ ಬದಲು 16 ದಾಟುತ್ತಿತ್ತು. ಬಿಟ್ಟಿಲ್ಲ. ಎಡದಂಡೆ ಕಾಲುವೆಯ ನೀರಿರುವ ಊರಲ್ಲಿ ದಾರಿ ಅಂದರೆ ಹಾಗೇ ಅಲ್ವಾ?

ಒಂದು ಅಂಕಿ ಮಾತ್ರ ಇಲ್ಲ. 28ನೇ ದಿನದ ಬಲ ಪರೀಕ್ಷೆಯ ಮೂರು ಮಣ್ಣಿನ ಸಿಲಿಂಡರ್‌ಗಳಲ್ಲಿ ಒಂದು ನನ್ನ ಕೈಯಿಂದಲೇ ಜಾರಿ ಬಿದ್ದು ಒಡೆಯಿತು. ಕೋಷ್ಟಕ 3ರ ಕೆಳಗೆ ಹಾಗೆಯೇ ನಮೂದಿಸಿದೆ.

ಈಗ ಹೇಳಲೇಬೇಕಾದ ಒಂದು ಸಂಗತಿ. ಆ ದಾರಿಯ ಪಕ್ಕ ನಮ್ಮ ಮಾವನವರ ನಾಲ್ಕು ಎಕರೆ ಹೊಲ ಇದೆ. ದಾರಿ ಚೆನ್ನಾದರೆ ನಮ್ಮ ಮನೆಗೂ ಲಾಭವೇ. ಜಾಗ ಸುಲಭವಾಗಿ ಸಿಕ್ಕಿದ್ದೂ ಅದಕ್ಕೇ. ಇದನ್ನು ಹಿತಾಸಕ್ತಿಯ ಘೋಷಣೆಯಲ್ಲಿ ಬರೆದಿದ್ದೇನೆ. ದಾರಿಯ ಮೇಲಿನ ಅಳತೆಗಳನ್ನು ನಾನು ತೆಗೆದುಕೊಂಡಿಲ್ಲ. ಸಹಲೇಖಕರಾದ ನಮ್ಮ ಲ್ಯಾಬ್ ಬೋಧಕರು ಮತ್ತು ಕೊನೆಯ ವರ್ಷದ ನಾಲ್ವರು ಡಿಪ್ಲೊಮಾ ವಿದ್ಯಾರ್ಥಿಗಳು ತೆಗೆದುಕೊಂಡರು. ಯಾವ ತುಣುಕಿಗೆ ಏನು ಹಾಕಿದೆ ಎಂದು ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ. ಗರಸಿನ ತುಣುಕನ್ನು ಅವರು ನೋಡಿದ ಕೂಡಲೇ ಗುರುತಿಸಿದರು, ಅದು ಬೇರೆ ಮಾತು.

ಹೊರಗಿನ ಅನುದಾನ ಇಲ್ಲ. ಸುಣ್ಣ, ಲಾರಿ ಬಾಡಿಗೆ, ಡೀಸೆಲ್ ಎಲ್ಲ ಲೇಖಕರಿಬ್ಬರ ಜೇಬಿನಿಂದ.

ಪ್ರಬಂಧ ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ. ಕಳೆದ ವರ್ಷ ಇದರ ಸಾರಾಂಶವನ್ನು ಇಂಗ್ಲಿಷಿನಲ್ಲಿ ಒಂದು ಸಮ್ಮೇಳನಕ್ಕೆ ಕಳಿಸಿದ್ದೆ. ಎರಡೇ ದಿನದಲ್ಲಿ ಒಪ್ಪಿಗೆ ಬಂತು, ಜೊತೆಗೆ ಶುಲ್ಕದ ಪಟ್ಟಿಯೂ ಬಂತು. ಯಾರೂ ಓದಿದ ಹಾಗೆ ಕಾಣಲಿಲ್ಲ. ಹಣ ಕಟ್ಟದೆ ಬರಹದಲ್ಲೇ ವಾಪಸ್ ಪಡೆದೆ. ಆ ಪತ್ರದ ಪ್ರತಿ ಲಗತ್ತಿಸಿದೆ.

ನಿಮ್ಮ ಪತ್ರಿಕೆಗೇ ಯಾಕೆ ಅಂದರೆ, ಹೊಲದ ದಾರಿ ಮಾಡಿಸುವ ಕಿರಿಯ ಎಂಜಿನಿಯರರು, ಗುತ್ತಿಗೆದಾರರು, ಪಂಚಾಯಿತಿಯವರು ಇದನ್ನು ಓದಬೇಕು ಅನ್ನುವುದು ನನ್ನ ಆಸೆ. ಅವರು ಇಂಗ್ಲಿಷ್ ಪತ್ರಿಕೆ ಹುಡುಕಿಕೊಂಡು ಹೋಗುವುದಿಲ್ಲ. ಹಾಗಾಗಿ ಪದಗಳ ಬಗ್ಗೆ ಒಂದು ವಿನಂತಿ. ಪ್ರಬಂಧದಲ್ಲಿ ಎರೆ ಮಣ್ಣು, ಹೆಂಟೆ, ಗರಸು ಎಂದೇ ಬಳಸಿದ್ದೇನೆ. ಕಪ್ಪು ಹತ್ತಿ ಮಣ್ಣು ಅನ್ನುವ ಪುಸ್ತಕದ ಹೆಸರನ್ನು ಮೊದಲ ಸಲ ಮಾತ್ರ ಕೊಟ್ಟಿದ್ದೇನೆ. ವಾಕ್ಯಗಳನ್ನು ಎಷ್ಟು ಬೇಕಾದರೂ ತಿದ್ದಿ, ಈ ಮೂರು ಪದಗಳನ್ನು ಮಾತ್ರ ಆದಷ್ಟು ಉಳಿಸಿಕೊಡಿ.

ಪರಿಶೀಲಕರಲ್ಲಿ ಒಬ್ಬರಾದರೂ ದಾರಿಯ ಮೇಲೆ ನಿಂತು ಕೆಲಸ ಮಾಡಿಸಿದವರಿದ್ದರೆ ಒಳ್ಳೆಯದು. ನಮ್ಮ ಸಂಸ್ಥೆಯವರು ಬೇಡ, ಇಲ್ಲಿ ಎಲ್ಲರಿಗೂ ಈ ಕೆಲಸ ಗೊತ್ತು.

ಪ್ರಬಂಧ 12 ಪುಟ ಇದೆ, 4 ಕೋಷ್ಟಕ, 6 ಚಿತ್ರಗಳು. ಫೋಟೊಗಳೆಲ್ಲ ನಮ್ಮವೇ. ಅಳತೆಯ ನೋಟ್‌ಬುಕ್ಕಿನ ಪುಟಗಳನ್ನು ಸ್ಕ್ಯಾನ್ ಮಾಡಿ ಪ್ರತ್ಯೇಕ ಕಡತದಲ್ಲಿ ಇಟ್ಟಿದ್ದೇನೆ. ಜುಲೈ 2023ರ ಎರಡು ಪುಟಗಳು ಮಳೆಯಲ್ಲಿ ನೆನೆದು ಮಸುಕಾಗಿವೆ, ಆದರೂ ಅಂಕಿಗಳನ್ನು ಓದಬಹುದು. ಸಹಲೇಖಕರು ಈ ಪ್ರತಿಯನ್ನು ಪೂರ್ತಿ ಓದಿ ಒಪ್ಪಿಗೆಯ ಸಹಿ ಹಾಕಿದ್ದಾರೆ.

ಮೂರನೇ ಮಳೆಗಾಲದ ಅಳತೆ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ಪರಿಶೀಲನೆ ಅಷ್ಟರೊಳಗೆ ಮುಗಿಯದಿದ್ದರೆ, ಅದು ಚೆನ್ನಾಗಿ ಬಂದರೂ ಕೆಟ್ಟದಾಗಿ ಬಂದರೂ, ಸೇರಿಸಲು ಅವಕಾಶ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಶಾರದಾ
(ಮೊದಲ ಲೇಖಕಿ, ಇಬ್ಬರೂ ಲೇಖಕರ ಪರವಾಗಿ)

ಲಗತ್ತು: ಪ್ರಬಂಧ, ಅಳತೆಯ ಪುಟಗಳು, ಹಿತಾಸಕ್ತಿಯ ಘೋಷಣೆ, ಸಹಲೇಖಕರ ಒಪ್ಪಿಗೆ, ಸಮ್ಮೇಳನದಿಂದ ವಾಪಸ್ ಪಡೆದ ಪತ್ರ