ವಾರ್ಷಿಕೋತ್ಸವ: ಕಾರ್ಯಕ್ರಮಗಳ ಅಂತಿಮ ಪಟ್ಟಿ (ಡಿಸೆಂಬರ್ 20, ಶನಿವಾರ)

ಎಲ್ಲ ಟೀಚರ್‌ಗಳಿಗೆ ನಮಸ್ಕಾರ. ಗ್ರೂಪಿಗೆ ಹಾಕಿದ್ದು, ನನಗೆ ಬೇರೆಯಾಗಿ ಕಳಿಸಿದ್ದು, ಪಿ.ಟಿ. ಸರ್ ಸ್ಟಾಫ್ ರೂಮಿನಲ್ಲಿ ಚೀಟಿಯಲ್ಲಿ ಬರೆದುಕೊಟ್ಟದ್ದು, ಎಲ್ಲವನ್ನೂ ಸೇರಿಸಿ ಈ ಪಟ್ಟಿ ಮಾಡಿದ್ದೇನೆ. ಇನ್ನು ಮುಂದೆ ಹಳೆಯ ಮೆಸೇಜುಗಳನ್ನು ನೋಡುವುದು ಬೇಡ.

| ಸಮಯ | ಕಾರ್ಯಕ್ರಮ | ಯಾರು | ಅವಧಿ | ವೇದಿಕೆಗೆ ಬೇಕಾದ್ದು |
|---|---|---|---|---|
| 5:00 | ಪ್ರಾರ್ಥನೆ, ದೀಪ ಬೆಳಗುವುದು | 9ನೇಯ 6 ಮಕ್ಕಳು | 5 ನಿ. | ಕಾಲುದೀಪ, ಎಣ್ಣೆ, ಬತ್ತಿ, 2 ಮೈಕು |
| 5:05 | ಸಭೆ: ಸ್ವಾಗತ, ವರದಿ, ಅತಿಥಿಗಳ ಮಾತು, ಕಲಿಕಾ ಬಹುಮಾನ, ವಂದನಾರ್ಪಣೆ | ಹೆಡ್‌ಮಾಸ್ಟರ್, ಅತಿಥಿಗಳು | 55 ನಿ. | ಪೋಡಿಯಂ, 7 ಕುರ್ಚಿ, ಬಹುಮಾನದ ಮೇಜು |
| 6:05 | ಪುಟಾಣಿ ನೃತ್ಯ | ಯುಕೆಜಿ, 24 | 4 ನಿ. | ಪೆನ್‌ಡ್ರೈವ್, ನೆಲದಲ್ಲಿ ಚಾಕ್ ಗುರುತು |
| 6:12 | ಸಮೂಹ ಗಾನ | 1, 2ನೇ, 30 | 5 ನಿ. | 3 ಬೆಂಚು, ಹಾರ್ಮೋನಿಯಂ, 4 ಮೈಕು |
| 6:20 | ಭರತನಾಟ್ಯ | 5ನೇ, 8 | 7 ನಿ. | ಗುಡಿಸಿದ ನೆಲ, ಪೆನ್‌ಡ್ರೈವ್ |
| 6:30 | ತುಳು ಪ್ರಹಸನ | 6ನೇ, 9 | 12 ನಿ. | ಮೇಜು, 2 ಸ್ಟೂಲು, ತೂಗು ಮೈಕು |
| 6:46 | ಕಂಗೀಲು | 3, 4ನೇ, 16 | 6 ನಿ. | ಡೋಲು, ಮುಗಿದ ಕೂಡಲೇ ಹಿಡಿಸೂಡಿ |
| 6:56 | ಹುಲಿವೇಷ | 7ನೇ, 10 | 8 ನಿ. | ಖಾಲಿ ವೇದಿಕೆ, ತಾಸೆಯವರಿಗೆ ಎಡಬದಿ |
| 7:05 | ಆಟೋಟದ ಬಹುಮಾನ | ಪಿ.ಟಿ. ಸರ್ | 10 ನಿ. | ಪರದೆಯ ಎದುರು, ಕಾರ್ಡ್‌ಲೆಸ್ |
| 7:15 | ಯಕ್ಷಗಾನ: ಅಭಿಮನ್ಯುವಿನ ಕಥಾಭಾಗ | 8, 9ನೇ, 11, ಹಿಮ್ಮೇಳ 3 | 45 ನಿ. | ರಥ, ಹಿಮ್ಮೇಳಕ್ಕೆ ಮಂಚ, ಮೈಕು 3+2 |
| 8:00 | ರಾಷ್ಟ್ರಗೀತೆ | ಎಲ್ಲರೂ | 52 ಸೆಕೆಂಡು | ಪರದೆ ತೆರೆದೇ ಇರಲಿ |

ಕಂಗೀಲನ್ನು ಭರತನಾಟ್ಯದ ಮೊದಲು ಇಡಿ ಎಂದು ಇಬ್ಬರು ಕೇಳಿದ್ದಿರಿ. ಕಂಗೀಲಿನ ಮಕ್ಕಳು ಸೊಂಟಕ್ಕೆ ಕಟ್ಟುವುದು ತೆಂಗಿನ ಎಳೆಗರಿ. ಕುಣಿಯುವಾಗ ಅದರ ಎಳೆ ಉದುರದೆ ಇರುವುದಿಲ್ಲ, ಬರಿಗಾಲಿನ ಮಕ್ಕಳು ಅದರ ಮೇಲೆ ಜಾರಬಾರದು. ಹಾಗಾಗಿ ಭರತನಾಟ್ಯ ಮೊದಲು. ಹುಲಿಗಳು ಬರುವ ಮೊದಲೂ ಒಮ್ಮೆ ಚೆನ್ನಾಗಿ ಗುಡಿಸಬೇಕು, ಅದಕ್ಕೇ ಅಲ್ಲಿ 4 ನಿಮಿಷ ಬಿಟ್ಟಿದ್ದೇನೆ.

ಆಟೋಟದ ಬಹುಮಾನವನ್ನು ಸಭೆಯಿಂದ ತೆಗೆದು ಇತ್ತ ತಂದದ್ದು ಯಕ್ಷಗಾನಕ್ಕಾಗಿ. ಪರದೆಯ ಹಿಂದೆ ಮಂಚ ಇಟ್ಟು, ಭಾಗವತರು ಕುಳಿತು, ಚೆಂಡೆ ಮದ್ದಳೆಯ ಶ್ರುತಿ ನೋಡಲು ಅಷ್ಟು ಹೊತ್ತು ಬೇಕೇ ಬೇಕು. ಗುರುಗಳು ಒಂದು ಗಂಟೆ ಕೇಳಿದ್ದರು. ಮಾತನಾಡಿ 45ಕ್ಕೆ ಒಪ್ಪಿಸಿದ್ದೇನೆ. ವರ್ಷವಿಡೀ ಹೆಜ್ಜೆ ಕಲಿತ ಮಕ್ಕಳು, ದಯವಿಟ್ಟು ಇದರಲ್ಲಿ ಒಂದು ನಿಮಿಷವನ್ನೂ ಕಡಿಮೆ ಮಾಡಬೇಡಿ. ಸಭೆ ಉದ್ದವಾದರೆ ಪ್ರಹಸನದ ಎರಡನೆಯ ದೃಶ್ಯ ಬಿಡುವುದೆಂದು 6ನೇ ತರಗತಿ ಟೀಚರ್ ಒಪ್ಪಿದ್ದಾರೆ.

ಚೌಕಿ 8ನೇ ತರಗತಿ ಕೋಣೆಯಲ್ಲಿ. ಮುಖಕ್ಕೆ ಬಣ್ಣ 4:00ಕ್ಕೇ ಶುರು. ಆ 11 ಮಕ್ಕಳನ್ನು ಕುರ್ಚಿ ಸಾಗಿಸಲಿಕ್ಕೆ, ಅತಿಥಿಗಳಿಗೆ ಹೂ ಕೊಡಲಿಕ್ಕೆ ಕರೆಯಬೇಡಿ. ಪ್ರಾರ್ಥನೆಯ ಪಟ್ಟಿಯಲ್ಲಿದ್ದ ಇಬ್ಬರನ್ನು ಇದೇ ಕಾರಣಕ್ಕೆ ಬದಲಿಸಿದ್ದೇನೆ.

ಪುಟಾಣಿಗಳ ಹಾಡು ಇನ್ನೂ ಬಂದಿಲ್ಲ. ಗುರುವಾರ ಮಧ್ಯಾಹ್ನದೊಳಗೆ ಪೆನ್‌ಡ್ರೈವ್‌ನಲ್ಲೇ ಕೊಡಿ. ಸಂಜೆ ಮೈಕಿನವರು ಬರುತ್ತಾರೆ, ಎಲ್ಲ ಹಾಡುಗಳನ್ನೂ ಒಮ್ಮೆ ಹಾಕಿ ನೋಡೋಣ.