ಅಳುವ ಕಂದನ ತುಟಿ: ಒಂದು ಜೋಗುಳದ ಪರಿಚಯ

ಆಕಾಶವಾಣಿ ಕಾರವಾರದ ಕೇಳುಗರಿಗೆ ನಮಸ್ಕಾರ. ಈಗ ಶಿರಸಿಯ ಹಿರಿಯ ಗಾಯಕಿಯೊಬ್ಬರು ಹಾಡಲಿರುವ ಜನಪದ ತ್ರಿಪದಿಯಲ್ಲಿ ಅಳುವ ಕಂದನ ತುಟಿ ಹವಳದ ಕುಡಿಯಂತೆ, ಕುಡಿಹುಬ್ಬು ಬೇವಿನ ಎಸಳಿನಂತೆ, ಕಣ್ಣೋಟವಂತೂ ಶಿವನ ಕೈಯಲಗು ಹೊಳೆದಂತೆ ಕಾಣುತ್ತದೆ. ಅಳುವನ್ನು ಗದರಿಸದೆ, ಅಳುವ ಮುಖವನ್ನೇ ಇಷ್ಟು ಹತ್ತಿರದಿಂದ ನೋಡಿ ಮೆಚ್ಚುವ ತಾಯಿಯ ನೋಟವೇ ಈ ಹಾಡಿನ ಜೀವಾಳವೆಂದು ನನಗೆ ಅನಿಸುತ್ತದೆ. ಬೇವಿನ ಎಸಳಿನ ಬಾಗನ್ನು ಬಲ್ಲವರಿಗೆ ಆ ಪುಟ್ಟ ಹುಬ್ಬು ಕಣ್ಣಿಗೆ ಕಟ್ಟುತ್ತದೆ.

ಇನ್ನು ನಾದದ ಮಾತು. ಮೂರೂ ಹೋಲಿಕೆಗಳು, ‘ಅಂತೆ’ ಎಂಬರ್ಥದ ‘ಅಂಗ’ ಎಂಬ ಅನುನಾಸಿಕ ದನಿಯಲ್ಲಿ ಬಂದು ನಿಲ್ಲುತ್ತವೆ. ಎರಡನೆಯ ಸಾಲನ್ನು ಮರಳಿ ಹಾಡಿಯೇ ಮೂರನೆಯದಕ್ಕೆ ಹೋಗುವುದರಿಂದ, ತೊಟ್ಟಿಲು ತೂಗುವ ಕೈಗೂ ಹಾಡಿಗೂ ಹೊಂದಿಕೆ ಕೂಡುತ್ತದೆ. ನಡುವೆ ಬರುವ ‘ಜೋ ಜೋ’ ಎಂಬಲ್ಲಿ ದೀರ್ಘ ಓಕಾರವನ್ನು ಎಳೆದಷ್ಟೂ ಲಯ ನಿಧಾನವಾಗುವುದನ್ನು ದಯವಿಟ್ಟು ಗಮನಿಸಿ. ಈಗ ಹಾಡು.