ಹತ್ತೂಕಾಲಿನ ಬೀಗ: ಮಲೆನಾಡಿನ ಒಂದು ಪ್ರೌಢಶಾಲೆಯ ಡಿಜಿಟಲ್ ಹಾಜರಿ

(ಮುಖ್ಯ ಶಿಕ್ಷಕರ ತರಬೇತಿಗಾಗಿ ಬರೆದ ಪ್ರಕರಣ ಅಧ್ಯಯನ. 2024-25ನೇ ಶೈಕ್ಷಣಿಕ ವರ್ಷ.)

ಹೊಸನಗರ ತಾಲ್ಲೂಕಿನ ಒಳಭಾಗದಲ್ಲಿರುವ ಅನುದಾನಿತ ಪ್ರೌಢಶಾಲೆ ನಮ್ಮದು. ಎಂಟರಿಂದ ಹತ್ತನೇ ತರಗತಿವರೆಗೆ ಆರು ಸೆಕ್ಷನ್, 212 ಮಕ್ಕಳು, ನನ್ನನ್ನೂ ಸೇರಿಸಿ ಹತ್ತು ಜನ ಶಿಕ್ಷಕರು, ಒಬ್ಬ ಗುಮಾಸ್ತರು. ಅರ್ಧದಷ್ಟು ಮಕ್ಕಳು ನಡೆದು ಬರುತ್ತಾರೆ, ಉಳಿದವರಿಗೆ ಬಸ್ಸೇ ಗತಿ. ಬೆಳಿಗ್ಗೆ 9.45ಕ್ಕೆ ಪ್ರಾರ್ಥನೆ, ಹತ್ತಕ್ಕೆ ಮೊದಲ ಪೀರಿಯಡ್. ಈ ಸಮಯಗಳು ಮುಂದೆ ಬೇಕಾಗುತ್ತವೆ.

ಡಿಜಿಟಲ್ ಎಂಬುದು ನಮಗೆ ಹೊಸತೇನಲ್ಲ. ಸ್ಯಾಟ್ಸ್‌ನಲ್ಲಿ ದಾಖಲಾತಿ, ವರ್ಗಾವಣೆ ಪತ್ರ, ವರ್ಷಕ್ಕೊಮ್ಮೆ ಯು-ಡೈಸ್ ಮಾಹಿತಿ, ದಿನಕ್ಕೊಮ್ಮೆ ಬಿಸಿಯೂಟದ ಸಂಖ್ಯೆ, ಇವೆಲ್ಲ ವರ್ಷಗಳಿಂದ ನಡೆಯುತ್ತಿದ್ದವು. ಆದರೆ ಅಷ್ಟನ್ನೂ ಗುಮಾಸ್ತರೇ ಮಾಡುತ್ತಿದ್ದರು. ಶಿಕ್ಷಕರ ಕೈಗೆ ಮೌಸ್ ಹೋಗಿರಲಿಲ್ಲ. ಹಾಗಾಗಿ ‘ನಮ್ಮದು ಆಗಲೇ ಡಿಜಿಟಲ್ ಶಾಲೆ’ ಎಂದು ನಾನು ಅಂದುಕೊಂಡಿದ್ದೆ. ಅದು ನನ್ನ ಮೊದಲ ತಪ್ಪು ಲೆಕ್ಕ.

ಏಪ್ರಿಲ್‌ನಲ್ಲಿ ಆಡಳಿತ ಮಂಡಳಿ ಒಂದು ಖಾಸಗಿ ಸಾಫ್ಟ್‌ವೇರ್ ಕೊಳ್ಳಲು ತೀರ್ಮಾನಿಸಿತು. ಮಕ್ಕಳ ಹಾಜರಿ, ಅಂಕ, ಶುಲ್ಕ ಎಲ್ಲ ಒಂದೇ ಕಡೆ. ಮಗು ಗೈರಾದರೆ ಮನೆಗೆ ಮೆಸೇಜು. ಅದೇ ಸಭೆಯಲ್ಲಿ ಸಿಬ್ಬಂದಿಗೆ ಹೆಬ್ಬೆರಳಿನ ಬಯೋಮೆಟ್ರಿಕ್ ಯಂತ್ರಕ್ಕೂ ಒಪ್ಪಿಗೆ ಸಿಕ್ಕಿತು. ಮೇ ಕೊನೆಯ ವಾರ ಶಿಕ್ಷಕರು ಶಾಲೆಗೆ ಬಂದ ದಿನವೇ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೇಳಿದವರ ಕಿವಿಗೆ ಎರಡೂ ಒಂದೇ ಆಗಿ ಬಿದ್ದವು: ಮಕ್ಕಳ ಹಾಜರಿ ನೆಪ, ನೋಡಬೇಕಿರುವುದು ನಮ್ಮನ್ನು. ಆಮೇಲೆ ಆ್ಯಪ್ ಹಾಕಿಕೊಳ್ಳುವಾಗ ಅದು ಫೋನಿನ ಲೊಕೇಶನ್ ಅನುಮತಿ ಬೇರೆ ಕೇಳಿತು. ಹಾಜರಿ ಹಾಕಲು ಲೊಕೇಶನ್ ಯಾಕೆ ಎಂದು ಗಣಿತದ ಮೇಡಂ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ‘ಕಾಲ ಬದಲಾಗಿದೆ ಮೇಡಂ’ ಎಂದೆ. ಉತ್ತರ ಗೊತ್ತಿಲ್ಲದ ಮುಖ್ಯ ಶಿಕ್ಷಕರು ಹೇಳುವ ಮಾತು ಅದು.

ಜೂನ್

ಮಲೆನಾಡಿನಲ್ಲಿ ಹೊಸದೊಂದನ್ನು ಜೂನ್‌ನಲ್ಲಿ ಶುರು ಮಾಡಬಾರದು. ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರ್ ಹೋಗುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ಹಾಜರಿ ಹಾಕಬಹುದು, ಸಿಕ್ಕಾಗ ತಾನೇ ಸೇರಿಕೊಳ್ಳುತ್ತದೆ ಎಂದು ಮಾರಿದವರು ಹೇಳಿದ್ದರು. ಅದು ಸುಳ್ಳಲ್ಲ. ಆದರೆ ಸೇರಿಕೊಂಡಿತೋ ಇಲ್ಲವೋ ಎಂಬುದು ಶಿಕ್ಷಕರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಹೆಚ್ಚಿನವರು ಪುಸ್ತಕದಲ್ಲೂ ಬರೆದರು, ಫೋನಿನಲ್ಲೂ ಒತ್ತಿದರು. ಕೆಲಸ ಕಡಿಮೆಯಾಗುತ್ತದೆ ಎಂದು ಹೇಳಿ ತಂದದ್ದು ಮೊದಲ ದಿನದಿಂದಲೇ ಕೆಲಸವನ್ನು ಎರಡರಷ್ಟು ಮಾಡಿತು.

ದೊಡ್ಡ ತೊಂದರೆ ಇದಲ್ಲ. ಹಾಜರಿ ಪುಸ್ತಕದಲ್ಲಿ ನಮ್ಮ ಶಿಕ್ಷಕರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಯಾವ ನಿಯಮದಲ್ಲೂ ಅದು ಇಲ್ಲ. ಹೆಸರು ಕೂಗಿದಾಗ ಬಸ್ಸಿನ ಮಗು ಇಲ್ಲದಿದ್ದರೆ ಆ ಮನೆಯಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಡುವುದು. ಬಸ್ಸು ಬಂದ ಮೇಲೆ ಚುಕ್ಕೆಯ ಮೇಲೆ ಪೆನ್ನಿನಲ್ಲಿ ಹಾಜರಿ ಹಾಕುವುದು, ಬಾರದಿದ್ದರೆ ಮಧ್ಯಾಹ್ನ ಗೈರು. ನಾನೂ ಇಪ್ಪತ್ತು ವರ್ಷ ಹಾಗೇ ಮಾಡಿದ್ದೇನೆ, ಆದರೆ ಅದು ಒಂದು ಪದ್ಧತಿ ಎಂದು ಹೊಳೆದಿರಲಿಲ್ಲ. ಆ್ಯಪ್‌ನಲ್ಲಿ ಹಾಜರು, ಗೈರು ಎರಡೇ ಬಟನ್. ಹತ್ತೂಕಾಲಿಗೆ ಬೀಗ ಬೀಳುತ್ತದೆ. ಕೆಲವು ದಿನ ನಮ್ಮ ಒಂದು ಬಸ್ಸು ಬರುವುದು ಹತ್ತೂ ಇಪ್ಪತ್ತೈದಕ್ಕೆ, ಅದೂ ದಾರಿಯಲ್ಲಿ ಮರ ಬಿದ್ದಿರದಿದ್ದರೆ.

ಜೂನ್ ಮೂರನೇ ವಾರ ಒಬ್ಬ ತಾಯಿ ಹನ್ನೊಂದೂವರೆಗೆ ಆಫೀಸಿಗೆ ಬಂದರು. ಕೊಡೆ ಇದ್ದರೂ ಸೆರಗಿನಿಂದ ನೀರು ಸುರಿಯುತ್ತಿತ್ತು. ಮೆಸೇಜು ಇಂಗ್ಲಿಷಿನಲ್ಲಿ ಬಂದಿತ್ತು. ಪಕ್ಕದ ಮನೆಯ ಹುಡುಗ ಓದಿ ‘ನಿಮ್ಮ ಮಗಳು ಶಾಲೆಗೆ ಹೋಗಿಲ್ಲ’ ಎಂದಿದ್ದ. ಬೆಳಿಗ್ಗೆ ತಾನೇ ಬಸ್ಸು ಹತ್ತಿಸಿದ ಮಗಳು. ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತು ಮಗಳನ್ನು ಕಂಡ ಮೇಲೆ ಆಕೆ ಅಳಲಿಲ್ಲ, ಪಾಠ ಮಾಡುತ್ತಿದ್ದ ವಿಜ್ಞಾನದ ಮೇಷ್ಟ್ರ ಕಡೆ ತಿರುಗಿ, ‘ಎದುರಿಗೇ ಕೂತಿದ್ದು ಕಾಣ್ಲಿಲ್ವಾ ಸರ್ ನಿಮಗೆ?’ ಎಂದರು. ಇಡೀ ತರಗತಿ ಕೇಳಿಸಿಕೊಂಡಿತು. ಮರುದಿನ ಮೇಷ್ಟ್ರು ಆ್ಯಪ್ ತೆರೆಯಲಿಲ್ಲ. ಅದರ ಮರುದಿನ ಇನ್ನೂ ಮೂವರು ತೆರೆಯಲಿಲ್ಲ.

ನಾನು ನಾಲ್ವರಿಗೂ ಮೆಮೊ ಕೊಟ್ಟೆ. ಆ ಮೆಮೊಗಳ ಕಚೇರಿ ಪ್ರತಿ ಈಗಲೂ ಫೈಲಿನಲ್ಲಿದೆ. ತರಬೇತಿಗೆ ಬಂದವರು ಬೇಕಾದರೆ ನೋಡಬಹುದು, ಹೇಗೆ ಬರೆಯಬಾರದು ಎಂಬುದಕ್ಕೆ.

ಬಿಸಿಯೂಟದ ಲೆಕ್ಕ

ಕಣ್ಣು ತೆರೆಸಿದ್ದು ಅಡುಗೆಮನೆ. ಜುಲೈ 8ರಂದು ಆ್ಯಪ್ ಪ್ರಕಾರ ಹಾಜರಿ 171, ಊಟ ಮಾಡಿದವರು 190. ಊಟದ ಸಂಖ್ಯೆ ಹಾಜರಿಗಿಂತ ಹೆಚ್ಚಿದ್ದರೆ ಏನರ್ಥ ಎಂಬುದು ಅಕ್ಷರ ದಾಸೋಹದ ಲೆಕ್ಕ ಬಲ್ಲವರಿಗೆ ಹೇಳಬೇಕಿಲ್ಲ. ಅಕ್ಕಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಗುಮಾಸ್ತರು ಎರಡೂ ಕಾಗದ ನನ್ನ ಮೇಜಿನ ಮೇಲಿಟ್ಟು, ‘ಈ ಹತ್ತೊಂಬತ್ತೂ ಬಸ್ಸಿನ ಮಕ್ಕಳು ಸರ್’ ಎಂದಷ್ಟೇ ಹೇಳಿ ಹೋದರು. ಶಿಕ್ಷಕರು ಒಂದು ತಿಂಗಳಿಂದ ಬಾಯಲ್ಲಿ ಹೇಳುತ್ತಿದ್ದದ್ದು ಅದೇ. ಅಂಕಿಯಲ್ಲಿ ಬಂದಾಗ ಮಾತ್ರ ನನಗೆ ಕೇಳಿಸಿತು.

ಸಾಫ್ಟ್‌ವೇರಿನವರಿಗೆ ಫೋನು ಮಾಡಿದರೆ, ಬೀಗದ ಸಮಯ ಬದಲಿಸುವುದು ಸೆಟ್ಟಿಂಗ್ಸ್‌ನಲ್ಲಿ ಎರಡು ನಿಮಿಷದ ಕೆಲಸ ಎಂದರು. ಯಾರೂ ಕೇಳಿರಲಿಲ್ಲ. ‘ತಡ’ ಎಂಬ ಮೂರನೇ ಬಟನ್ ಕೂಡ ಒಳಗೇ ಇತ್ತು, ಮುಚ್ಚಿಟ್ಟಿದ್ದರು. ಬೀಗ ಮಧ್ಯಾಹ್ನ ಎರಡಕ್ಕೆ ಸರಿಯಿತು, ಮೆಸೇಜು ಎರಡೂವರೆಗೆ, ಕನ್ನಡದಲ್ಲಿ. ಆದರೆ ಆಗಲೇ ಬೀಗ ಬಿದ್ದಿದ್ದ ಜೂನ್‌ನ ಹಾಜರಿ ಹಾಗೇ ಉಳಿಯಿತು. ಅದನ್ನು ಬಿಚ್ಚುವ ಅಧಿಕಾರ ಮುಖ್ಯ ಶಿಕ್ಷಕರ ಲಾಗಿನ್‌ಗೆ ಮಾತ್ರ ಇತ್ತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ವಿರೋಧ ಇಷ್ಟಕ್ಕೇ ಕರಗಲಿಲ್ಲ. ಜುಲೈನಲ್ಲಿ ಮಳೆ ರಜೆಗಳು, ಆಗಸ್ಟ್‌ನಲ್ಲಿ ಪ್ರತಿಭಾ ಕಾರಂಜಿ, ಯಾರಿಗೂ ಕೂತು ಮಾತಾಡಲು ಪುರುಸೊತ್ತಿಲ್ಲ. ದಸರಾ ರಜೆಗೆ ಮುಂಚಿನ ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ: ಒಂದೇ ಮಗುವಿನ ಹೆಸರನ್ನು ನೀವು ವರ್ಷಕ್ಕೆ ಎಷ್ಟು ಪುಸ್ತಕದಲ್ಲಿ ಬರೆಯುತ್ತೀರಿ? ಹಾಜರಿ ಪುಸ್ತಕ, ರೂಪಣಾತ್ಮಕ ಮತ್ತು ಸಂಕಲನಾತ್ಮಕ ಅಂಕಗಳ ಪಟ್ಟಿ, ಕ್ಷೀರಭಾಗ್ಯ, ಮೊಟ್ಟೆ-ಬಾಳೆಹಣ್ಣು, ವಿದ್ಯಾರ್ಥಿವೇತನ, ಆರೋಗ್ಯ ತಪಾಸಣೆ, ಪಠ್ಯಪುಸ್ತಕ ವಿತರಣೆ... ಹನ್ನೊಂದಕ್ಕೆ ನಿಂತಿತು. ಸಭೆಯಲ್ಲಿ ಮೊದಲ ಬಾರಿಗೆ ನಗು ಕೇಳಿಸಿತು, ಸಂತೋಷದ್ದಲ್ಲ.

ಅವತ್ತು ಮೂರು ತೀರ್ಮಾನ ಆದವು. ಹೆಸರಿನ ಪಟ್ಟಿಗಳೆಲ್ಲ ಆಫೀಸಿನಿಂದ ಪ್ರಿಂಟ್ ಆಗಿ ಬರಬೇಕು, ಶಿಕ್ಷಕರು ಇನ್ನು ಹೆಸರು ಬರೆಯುವುದಿಲ್ಲ. ತಿಂಗಳ ಕೊನೆಯ ಗೋಷ್ವಾರೆಯನ್ನು ಯಾರೂ ಕೈಯಲ್ಲಿ ಕೂಡಿಸುವುದಿಲ್ಲ. ಹಾಜರಿಗೆ ಸ್ವಂತ ಫೋನು ಕಡ್ಡಾಯವಲ್ಲ, ಶಾಲೆಯೇ ಎರಡು ಟ್ಯಾಬ್ ಕೊಡುತ್ತದೆ, ಲೊಕೇಶನ್ ಬಂದ್. ಸಿಬ್ಬಂದಿಯ ಬಯೋಮೆಟ್ರಿಕ್ ಬೇರೆ ವಿಷಯ, ಅದನ್ನು ಇದರ ಜತೆ ಬೆರೆಸುವುದಿಲ್ಲ ಎಂದು ಬರಹದಲ್ಲೇ ಕೊಟ್ಟೆ, ಮೆಮೊಗಳನ್ನೂ ಹಿಂತೆಗೆದುಕೊಂಡೆ. ತಪಾಸಣೆಗೆ ಬಂದವರು ಪುಸ್ತಕ ಕೇಳಿದರೆ? ಪ್ರತಿ ತಿಂಗಳ ಹಾಜರಿಯನ್ನು ಪ್ರಿಂಟ್ ತೆಗೆದು, ತರಗತಿ ಶಿಕ್ಷಕರು ಮತ್ತು ನಾನು ಸಹಿ ಹಾಕಿ, ಬೈಂಡ್ ಮಾಡುವುದು ಎಂದಾಯಿತು.

ಅಕ್ಟೋಬರ್‌ನ ಕೊನೆಯ ಶಾಲಾ ದಿನ ಗೋಷ್ವಾರೆ ತಾನಾಗಿ ಬಂತು. ಮೊದಲಾದರೆ ಸಂಜೆ ಐದೂವರೆವರೆಗೂ ಸ್ಟಾಫ್ ರೂಮಿನಲ್ಲಿ ಕ್ಯಾಲ್ಕುಲೇಟರ್ ಒತ್ತುವ ಸದ್ದು. ಆ ದಿನ ಎಲ್ಲರೂ ನಾಲ್ಕೂವರೆಯ ಬಸ್ಸು ಹತ್ತಿದರು. ಲೊಕೇಶನ್ ಕೇಳಿದ ಗಣಿತದ ಮೇಡಂ ಈಗ ಅಂಕಪಟ್ಟಿಯನ್ನೂ ಅದರಲ್ಲೇ ಮಾಡುತ್ತಾರೆ. ನಾನು ಕೊಟ್ಟ ಭಾಷಣಗಳಿಗಿಂತ ಆ ಬಸ್ಸು ಹೆಚ್ಚು ಕೆಲಸ ಮಾಡಿತು.

ಗುಮಾಸ್ತರ ಕಪಾಟು

ಗುಮಾಸ್ತರದು ಬೇರೆ ಬಗೆಯ ಪ್ರತಿರೋಧ. ಅವರು ಬೇಡ ಎನ್ನಲೇ ಇಲ್ಲ, ಕೀ ಕೊಡಲಿಲ್ಲ. 1967ರಿಂದ ಇರುವ ದಾಖಲಾತಿ ರಿಜಿಸ್ಟರ್‌ಗಳ ಕಪಾಟಿನ ಕೀ. ಅವುಗಳನ್ನು ಸ್ಕ್ಯಾನ್ ಮಾಡಿಸಬೇಕೆಂದು ಮೂರು ತಿಂಗಳು ಕೇಳಿದೆ. ಕೊನೆಗೆ ಅವರೇ ಒಂದು ಸಂಜೆ ಒಂದು ಪುಟ ತೆರೆದು ತೋರಿಸಿದರು. ಗೀತಾ ಎಂಬ ಹುಡುಗಿ. ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಗೀತಾ. ಸ್ಯಾಟ್ಸ್‌ನಲ್ಲಿ `GEETHA`, ಆಧಾರ್‌ನಲ್ಲಿ `GITA`, ಹೊಸ ಸಾಫ್ಟ್‌ವೇರ್‌ನಲ್ಲಿ `GEETA`. ‘ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಬಂದದ್ದು ಜೀವನಪೂರ್ತಿ ಉಳೀತದೆ ಸರ್. ತಪ್ಪಾದ್ರೆ ಅವಳು ಹುಡುಕಿಕೊಂಡು ಬರೋದು ನನ್ನನ್ನ, ಸಾಫ್ಟ್‌ವೇರನ್ನಲ್ಲ.’ ಅವರು ಹೇಳಿದ್ದು ಸರಿ. ಸ್ಕ್ಯಾನಿಂಗ್ ಪಕ್ಕಕ್ಕಿಟ್ಟು, ಮೊದಲು ಹತ್ತನೇ ತರಗತಿಯವರ ಹೆಸರು, ತಂದೆ-ತಾಯಿ ಹೆಸರು, ಜನ್ಮ ದಿನಾಂಕವನ್ನು ಪೋಷಕರನ್ನು ಕರೆಸಿ ತಾಳೆ ನೋಡಿದೆವು. ಕೆಲಸದ ಮೇಲುಸ್ತುವಾರಿ ಅವರಿಗೇ ಬಿಟ್ಟೆ. ಕೀ ಇನ್ನೂ ಅವರ ಜೇಬಿನಲ್ಲೇ ಇದೆ. ರಿಜಿಸ್ಟರ್ ಸ್ಕ್ಯಾನ್ ಆಗುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಆ್ಯಪ್‌ನಲ್ಲಿ ಮಕ್ಕಳ ಜಾತಿ, ಆದಾಯ, ಫೋನ್ ನಂಬರ್ ಎಲ್ಲ ಶಿಕ್ಷಕರಿಗೂ ಕಾಣುತ್ತಿತ್ತು. ಅದನ್ನೂ ಗುಮಾಸ್ತರೇ ಗಮನಿಸಿ ಮುಚ್ಚಿಸಿದರು.

ಎರಡು ದಿನ

ಕನ್ನಡ ಮೇಷ್ಟ್ರಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಹತ್ತನೇ ‘ಬಿ’ ತರಗತಿಯ ಶಿಕ್ಷಕರು. ‘ನನ್ನನ್ನ ಬಿಟ್ಬಿಡಿ ಸರ್’ ಎಂದು ಜೂನ್‌ನಲ್ಲೇ ಕೈ ಮುಗಿದಿದ್ದರು. ಅವರು ಪುಸ್ತಕದಲ್ಲೇ ಬರೆದರು, ದೈಹಿಕ ಶಿಕ್ಷಕರು ಹತ್ತು ಗಂಟೆಗೆ ಅವರ ತರಗತಿಗೆ ಹೋಗಿ ಆ್ಯಪ್‌ನಲ್ಲಿ ಒತ್ತಿದರು. ಇದು ಸರಿಯಾದ ವ್ಯವಸ್ಥೆ ಅಲ್ಲ. ನಾನು ಕಂಡೂ ಕಾಣದ ಹಾಗೆ ಇದ್ದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ನಮ್ಮ ಕಡೆ ಅಡಿಕೆ ಕೊಯ್ಲು, ಸುಲಿತ ಶುರುವಾದರೆ ದೊಡ್ಡ ಹುಡುಗರು ಮಾಯವಾಗುತ್ತಾರೆ. ಪುಸ್ತಕದ ಕಾಲದಲ್ಲಿ ಫೆಬ್ರುವರಿ ಹೊತ್ತಿಗೆ ‘ಸರಿ ಮಾಡುವುದು’ ನಡೆಯುತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಶಿಕ್ಷಕರ ವಿರೋಧದ ತಳದಲ್ಲಿ ಇದೂ ಇತ್ತು ಎಂದು ನನ್ನ ಅಂದಾಜು: ಆ್ಯಪ್‌ನಲ್ಲಿ ಯಾರು, ಯಾವಾಗ, ಯಾಕೆ ತಿದ್ದಿದರು ಎಂಬುದು ಉಳಿಯುತ್ತದೆ. ನವೆಂಬರ್‌ನಲ್ಲೇ ಕೊರತೆಯವರ ಪಟ್ಟಿ ಸಿಕ್ಕಿದ್ದರಿಂದ ಆರು ಮನೆಗೆ ಹೋದೆವು, ಐವರು ತರಗತಿಗೆ ಮರಳಿದರು. ಆರನೆಯವನ ಅಪ್ಪ ‘ಕೊಯ್ಲು ಮುಗೀಲಿ ಸಾರ್’ ಎಂದರು. ಹುಡುಗ ಬಂದದ್ದು ಜನವರಿಯಲ್ಲಿ.

ಫೆಬ್ರುವರಿ ಕೊನೆಗೆ 196 ಶಾಲಾ ದಿನಗಳಲ್ಲಿ ಅವನ ಹಾಜರಿ 145. ಬೇಕಿದ್ದದ್ದು 147. ಮಾರ್ಚ್ 21ಕ್ಕೆ ಪರೀಕ್ಷೆ. ಕನ್ನಡ ಮೇಷ್ಟ್ರು ಕೋಣೆಗೆ ಬಂದು ನಿಂತರು. ‘ಪುಸ್ತಕ ಆಗಿದ್ರೆ...’ ಎಂದು ಅಲ್ಲಿಗೇ ನಿಲ್ಲಿಸಿದರು. ಆಗದು ಮೇಷ್ಟ್ರೇ ಎಂದೆ. ಅವರು ಹೊರಟು ಬಾಗಿಲವರೆಗೆ ಹೋದ ಮೇಲೆ ನೆನಪಾಯಿತು, ಹುಡುಗ ಬಸ್ಸಿನವನು.

‘ನಿಮ್ಮ ಜೂನ್ ಪುಸ್ತಕ ಇದೆಯಾ?’

ಇತ್ತು. ಅವನ ಸಾಲಿನಲ್ಲಿ ಆ್ಯಪ್ ಗೈರು ಎಂದ ನಾಲ್ಕು ದಿನ, ನಾಲ್ಕೂ ಮನೆಯಲ್ಲಿ ಪೆನ್ಸಿಲ್ ಚುಕ್ಕೆ, ಮೇಲೆ ನೀಲಿ ಪೆನ್ನಿನ ಹಾಜರಿ. ಫೆಬ್ರುವರಿಯಲ್ಲಿ ಒತ್ತಿ ಬರೆದದ್ದಲ್ಲ; ಜೂನ್‌ನ ಮಳೆಗೆ ಆ ಹಾಳೆ ಮೂಲೆಯಲ್ಲಿ ಒದ್ದೆಯಾಗಿ ಶಾಯಿ ಹರಡಿಕೊಂಡಿತ್ತು. ‘ಬಿ’ ತರಗತಿಯ ಎಲ್ಲ ಬಸ್ಸಿನ ಮಕ್ಕಳ ಜೂನ್ ಹಾಜರಿಯನ್ನೂ ಆ ಪುಸ್ತಕ ನೋಡಿಯೇ ತಿದ್ದಿದೆವು. ಉಳಿದ ಐದು ಸೆಕ್ಷನ್‌ಗಳಲ್ಲಿ ಗಲಾಟೆಯ ನಡುವೆ ಜೂನ್ ಪುಸ್ತಕವನ್ನು ಯಾರೂ ಪೂರ್ತಿ ಮಾಡಿರಲಿಲ್ಲ. ಅಲ್ಲಿನ ತಪ್ಪು ಹಾಗೇ ಇದೆ.

ಹುಡುಗನ ಹಾಜರಿ 149 ಆಯಿತು. ತಿದ್ದುಪಡಿಯ ಪರದೆ ಎರಡು ವಿಷಯ ಕೇಳಿತು. ತಿದ್ದಿದವರು: ಮುಖ್ಯ ಶಿಕ್ಷಕರು. ಕಾರಣ: ಬಸ್ಸು ತಡ.